ಗಂಟಿನ ಬಯಾಪ್ಸಿಯಲ್ಲಿ ಲಿಂಫೋಮಾ ಅಂತ ಬಂದಿದೆ. ಮತ್ತೆ ಬೋನ್ ಮ್ಯಾರೋ ಯಾಕೆ?

ತೀರ್ಥಹಳ್ಳಿ ಅಕ್ಕ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇದು ನನ್ನ ತಮ್ಮನ ವಿಷಯ. ಅವನಿಗೆ 19 ವರ್ಷ, ಡಿಪ್ಲೊಮಾ ಓದುತ್ತಿದ್ದಾನೆ. ಎರಡು ತಿಂಗಳ ಹಿಂದೆ ಒಣಕೆಮ್ಮು ಶುರುವಾಯಿತು. ಊರಿನಲ್ಲಿ ಆಸ್ತಮಾ ಇರಬಹುದು ಅಂತ ಪಂಪು ಕೊಟ್ಟರು. ಕಡಿಮೆ ಆಗಲಿಲ್ಲ. ಆಮೇಲೆ ಮಲಗಿದರೆ ಉಸಿರು ಕಟ್ಟತೊಡಗಿತು. ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ. ಬೆಳಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ಕುತ್ತಿಗೆಯ ಎಡಗಡೆ ಒಂದು ಗಂಟು ಬಂದಿತ್ತು, ನೋವು ಇರಲಿಲ್ಲ.

ಬೆಂಗಳೂರಿಗೆ ಕರೆದುಕೊಂಡು ಬಂದೆವು. ಸಿ.ಟಿ. ಸ್ಕ್ಯಾನಿನಲ್ಲಿ ಎದೆಯ ಮಧ್ಯೆ 11 ಸೆಂಟಿಮೀಟರಿನ ಗಡ್ಡೆ ಇದೆ ಅಂತ ಬಂತು. ಕುತ್ತಿಗೆಯ ಗಂಟನ್ನು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸಿದರು. ಇವತ್ತು ರಿಪೋರ್ಟ್ ಬಂದಿದೆ, ‘ಟಿ ಲಿಂಫೋಬ್ಲಾಸ್ಟಿಕ್ ಲಿಂಫೋಮಾ’ ಅಂತ.

ರಕ್ತ ಪರೀಕ್ಷೆ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಹಿಮೋಗ್ಲೋಬಿನ್ 11.8, ಬಿಳಿ ರಕ್ತಕಣ 9,400, ಪ್ಲೇಟ್‌ಲೆಟ್ 1 ಲಕ್ಷ 90 ಸಾವಿರ. ಆದರೂ ನಾಳೆ ಬೆಳಗ್ಗೆಯೇ ಬೋನ್ ಮ್ಯಾರೋ ಮಾಡಬೇಕು, ಸಹಿ ಹಾಕಿ ಅಂದರು. ಅಪ್ಪ ಒಪ್ಪುತ್ತಿಲ್ಲ. ಗಂಟು ಕೊಯ್ದು ಕಾಯಿಲೆ ಗೊತ್ತಾಯಿತಲ್ಲ, ಮತ್ತೆ ಹುಡುಗನಿಗೆ ಯಾಕೆ ನೋವು ಕೊಡುತ್ತೀರಿ ಅಂತ ಅವರ ಮಾತು. ನಮ್ಮ ಮಾವ ಆ ಹೆಸರನ್ನು ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಕಡೆ ಲ್ಯುಕೇಮಿಯಾ ಅಂತಲೇ ಬರುತ್ತಿದೆ. ಇದು ಲಿಂಫೋಮಾನಾ, ಬ್ಲಡ್ ಕ್ಯಾನ್ಸರಾ? ಎರಡರಲ್ಲಿ ಯಾವುದು ತಪ್ಪು?

ಉಸಿರಾಟಕ್ಕೆ ಕಷ್ಟ ಅಂತ ಇವತ್ತು ಸಂಜೆಯಿಂದ ಡೆಕ್ಸಾ ಅನ್ನುವ ಸ್ಟೆರಾಯ್ಡ್ ಇಂಜೆಕ್ಷನ್ ಶುರು ಮಾಡಿದ್ದಾರೆ. ಬಲ್ಲವರು ದಯವಿಟ್ಟು ಹೇಳಿ.

ಗದಗ ಮಾಸ್ತರ · ಸೋಮವಾರ, ರಾತ್ರಿ 10:15

ತಂಗಿ, ಮೊದಲು ಧೈರ್ಯ ತಗೊಳ್ಳಿ. ನನಗೇ ಲ್ಯುಕೇಮಿಯಾ ಇದೆ, ಆರು ವರ್ಷ ಆಯಿತು. ಈಗಲೂ ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತೇನೆ. ನನಗೆ ತಿಳಿದಷ್ಟು ಹೇಳುತ್ತೇನೆ. ರಕ್ತದಲ್ಲಿ ಇದ್ದರೆ ಲ್ಯುಕೇಮಿಯಾ, ಗಂಟಿನಲ್ಲಿ ಇದ್ದರೆ ಲಿಂಫೋಮಾ. ಇಷ್ಟೇ ವ್ಯತ್ಯಾಸ. ನನಗೆ ಬಿಳಿ ರಕ್ತಕಣ 48,000 ಇತ್ತು. ಕೈಯಿಂದ ರಕ್ತ ತೆಗೆದು ಫ್ಲೋ ಸೈಟೋಮೆಟ್ರಿ ಅಂತ ಒಂದು ಪರೀಕ್ಷೆ ಮಾಡಿದರು, ಸಿ.ಎಲ್.ಎಲ್. ಅಂತ ಹೇಳಿಬಿಟ್ಟರು. ಬೋನ್ ಮ್ಯಾರೋ ಮಾಡಲೇ ಇಲ್ಲ. ಗಂಟಿನ ಬಯಾಪ್ಸಿಯೂ ಇಲ್ಲ.

ನಿಮ್ಮ ತಮ್ಮನ ರಕ್ತ ಸರಿ ಇದೆ ಅಂದಮೇಲೆ ಮಜ್ಜೆಯೂ ಸರಿ ಇರಬೇಕು, ಅಲ್ವಾ? ರಕ್ತ ತಯಾರಾಗೋದೇ ಅಲ್ಲಿ. ಸುಮ್ನೆ ಯಾಕೆ ಚುಚ್ಚಬೇಕು ಅಂತ ನಿಮ್ಮ ತಂದೆ ಕೇಳುವುದರಲ್ಲಿ ಅರ್ಥ ಇದೆ. ಬೇರೆ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ.

ಹಾಸನದ ಹುಡುಗ · ಸೋಮವಾರ, ರಾತ್ರಿ 10:32

ಅಕ್ಕಾ, ಬೆನ್ನುಮೂಳೆಗೆ ಸೂಜಿ ಹಾಕಿಸಬೇಡಿ. ನಮ್ಮ ಪಕ್ಕದ ಮನೆಯವರಿಗೆ ಹಾಕಿದಮೇಲೆ ಒಂದು ವಾರ ತಲೆ ಎತ್ತಲು ಆಗುತ್ತಿರಲಿಲ್ಲ, ಅಷ್ಟು ತಲೆನೋವು. ನರಕ್ಕೆ ತಾಗಿದರೆ ಕಾಲು ಹೋಗುತ್ತದೆ ಅಂತಾರೆ.

ಸ್ಲೈಡ್ ಮೇಷ್ಟ್ರು · ಸೋಮವಾರ, ರಾತ್ರಿ 11:05

ನಾನು ಪ್ಯಾಥಾಲಜಿಸ್ಟ್. ನಿವೃತ್ತಿ ಆಗುವವರೆಗೂ ಇಂಥ ಗಂಟು ಮತ್ತು ಮಜ್ಜೆಗಳನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಿದವನು. ಅಕ್ಕಾ, ಮೊದಲು ಒಂದು ಮಾತು. ಡೆಕ್ಸಾ ಶುರುವಾಗಿದೆ ಅಂದಿರಿ. ಹಾಗಿದ್ದರೆ ಈ ಪರೀಕ್ಷೆಯನ್ನು ಮುಂದೂಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಮಾಸ್ತರೇ, ನಿಮ್ಮ ಮಾತು ನಿಮ್ಮ ಕಾಯಿಲೆಗೆ ಸರಿ. ಸಿ.ಎಲ್.ಎಲ್. ಬೆಳೆದ ಲಿಂಫೋಸೈಟುಗಳ ಕಾಯಿಲೆ. ಆ ಕಣಗಳು ರಕ್ತದಲ್ಲೇ ಬೇಕಾದಷ್ಟು ಓಡಾಡುತ್ತಿರುತ್ತವೆ, ಕೈಯಿಂದ ಒಂದು ಟ್ಯೂಬ್ ರಕ್ತ ತೆಗೆದರೆ ಸಾಕು. ಈ ಹುಡುಗನದು ಇನ್ನೂ ಬೆಳೆಯದ ಎಳೆಯ ಕಣಗಳ ಕಾಯಿಲೆ. ಅವಕ್ಕೆ ಬ್ಲಾಸ್ಟ್ ಅನ್ನುತ್ತೇವೆ. ಇವು ಮಜ್ಜೆಯಲ್ಲಿ ಸಾಕಷ್ಟು ತುಂಬಿಕೊಂಡಿದ್ದರೂ ರಕ್ತಕ್ಕೆ ಇಳಿಯದೆ ಇರಬಹುದು. ಮಜ್ಜೆಯಲ್ಲಿ ಉಳಿದ ಜಾಗ ಇನ್ನೂ ಕೆಲಸ ಮಾಡುತ್ತಿದ್ದರೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಲ್ಲ ಸರಿಯಾಗಿಯೇ ಕಾಣುತ್ತವೆ. ರಕ್ತ ಚೆನ್ನಾಗಿದೆ ಅಂದರೆ ಮಜ್ಜೆ ಚೆನ್ನಾಗಿದೆ ಅಂತ ಆಗುವುದಿಲ್ಲ. ಪಕ್ಕಾ ಲ್ಯುಕೇಮಿಯಾ ಇದ್ದೂ ರಕ್ತದ ಲೆಕ್ಕ ಮಾಮೂಲಿಯಾಗಿದ್ದ ಮಕ್ಕಳ ಮಜ್ಜೆ ನಾನೇ ನೋಡಿದ್ದೇನೆ.

ಇನ್ನು ‘ಯಾವುದು ತಪ್ಪು’ ಅನ್ನುವ ಪ್ರಶ್ನೆ. ಎರಡೂ ತಪ್ಪಲ್ಲ. ಈ ಎರಡು ಹೆಸರುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಣ್ಣಿನಿಂದ ಬಂದವು. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಕಿನ್ ಊದಿಕೊಂಡ ಗ್ರಂಥಿಗಳ ಬಗ್ಗೆ ಬರೆದರು. 1845ರಲ್ಲಿ ಬರ್ಲಿನ್ನಿನ ವಿರ್ಶೋ ಸತ್ತ ರೋಗಿಯೊಬ್ಬರ ರಕ್ತ ಬಿಳಿಚಿಕೊಂಡಿದ್ದನ್ನು ಕಂಡು ‘ಬಿಳಿ ರಕ್ತ’ ಅಂದರು. ಅದೇ ಮುಂದೆ ಗ್ರೀಕ್ ವೇಷ ಹಾಕಿಕೊಂಡು ಲ್ಯುಕೇಮಿಯಾ ಆಯಿತು. ಒಬ್ಬರಿಗೆ ಗಂಟು ಕಂಡಿತು, ಇನ್ನೊಬ್ಬರಿಗೆ ರಕ್ತ ಕಂಡಿತು. ಹೆಸರು ಇಟ್ಟದ್ದು ರೋಗ ಕಂಡ ಜಾಗ ನೋಡಿ. ಒಳಗಿರುವ ಕಣ ಯಾವುದು ಅಂತ ನೋಡುವ ಸಾಧನ ಆಗ ಇರಲೇ ಇಲ್ಲ.

ಈಗ ಕಣವನ್ನೇ ನೋಡುತ್ತೇವೆ. ನಿಮ್ಮ ತಮ್ಮನ ಕಣ ಒಂದು ಎಳೆಯ ಟಿ ಕಣ. ಅದು ಪಾಠ ಕಲಿಯುವುದು ಎದೆಯೊಳಗೆ ಇರುವ ಥೈಮಸ್ ಗ್ರಂಥಿಯಲ್ಲಿ. ಎದೆಯ ಮಧ್ಯೆಯೇ ಗಡ್ಡೆ ಬೆಳೆದದ್ದು ಅದಕ್ಕೆ. ಅದೇ ಕಣ ಮಜ್ಜೆಯಲ್ಲಿ ಜಾಸ್ತಿ ತುಂಬಿಕೊಂಡರೆ ಟಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಎದೆ ಮತ್ತು ಗಂಟಿನಲ್ಲೇ ಜಾಸ್ತಿ ಇದ್ದು ಮಜ್ಜೆಯಲ್ಲಿ ಕಡಿಮೆ ಇದ್ದರೆ ಲಿಂಫೋಮಾ. ನೂರು ಕಣ ಎಣಿಸಿದರೆ 25 ಅಥವಾ ಅದಕ್ಕಿಂತ ಹೆಚ್ಚು ಬ್ಲಾಸ್ಟ್ ಇದ್ದರೆ ಲ್ಯುಕೇಮಿಯಾ ಅನ್ನುವುದು ಬಹಳ ಕಡೆ ಇರುವ ರೂಢಿ. ಕೆಲವರು 20 ಅನ್ನುತ್ತಾರೆ. ಅದು ಗದ್ದೆಗೆ ಹಾಕಿದ ಬದುವಿನ ಹಾಗೆ. ಮಣ್ಣು ಆಚೆಗೂ ಅದೇ, ಈಚೆಗೂ ಅದೇ.

ತೀರ್ಥಹಳ್ಳಿ ಅಕ್ಕ · ಸೋಮವಾರ, ರಾತ್ರಿ 11:30

ಡಾಕ್ಟ್ರೇ, ಬಹಳ ಥ್ಯಾಂಕ್ಸ್. ಆದರೆ ಕಣ ಒಂದೇ ಅಂದಮೇಲೆ, ಎಣಿಸಿ ಏನಾಗಬೇಕು? ಅಪ್ಪ ಇದನ್ನೇ ಕೇಳುತ್ತಾರೆ.

ಬೆಳ್ಳಿಚುಕ್ಕಿ · ಮಂಗಳವಾರ, ಬೆಳಗ್ಗೆ 6:20

ನನ್ನ ಕಥೆ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನನಗೂ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ಸಂಜೆ ಜ್ವರ, ರಾತ್ರಿ ಬೆವರು. ಸಣ್ಣ ಸೂಜಿಯಿಂದ ಎಳೆದು ನೋಡುವ ಎಫ್.ಎನ್.ಎ.ಸಿ. ಮಾಡಿಸಿದರು. ಗ್ರಾನ್ಯುಲೋಮಾ ಇದೆ, ಟಿ.ಬಿ. ಅಂತ ಬರೆದು ಮಾತ್ರೆ ಶುರು ಮಾಡಿದರು. ಕಫದಲ್ಲಿ ಟಿ.ಬಿ. ಸಿಕ್ಕಿರಲಿಲ್ಲ, ಗಂಟಿನಿಂದ ತೆಗೆದದ್ದರಲ್ಲೂ ಸಿಕ್ಕಿರಲಿಲ್ಲ. ಆರು ತಿಂಗಳು ಮಾತ್ರೆ ನುಂಗಿದೆ. ಗಂಟು ಒಂದು ಸಲ ಕರಗಿದ ಹಾಗೆ ಆಗಿ ಮತ್ತೆ ಬಂತು. ಕೊನೆಗೆ ಬೇರೆ ಊರಿನಲ್ಲಿ ಒಬ್ಬ ಸರ್ಜನ್ ಗಂಟನ್ನು ಪೂರ್ತಿ ತೆಗೆದರು. ಹಾಡ್ಕಿನ್ ಲಿಂಫೋಮಾ ಅಂತ ಬಂತು.

ನನಗೆ ಪೆಟ್ ಸ್ಕ್ಯಾನ್ ಮಾಡಿದರು, ಬೋನ್ ಮ್ಯಾರೋ ಮಾಡಲಿಲ್ಲ. ಈ ತಮ್ಮನಿಗೆ ಬೇಕು ಅನ್ನುತ್ತಿದ್ದೀರಿ. ನನಗೆ ಯಾಕೆ ಬೇಡ ಅಂದರು? ನನ್ನದನ್ನು ಬಿಟ್ಟುಬಿಟ್ಟರಾ ಅಂತ ಈಗ ಭಯ ಆಗುತ್ತಿದೆ.

ಸ್ಲೈಡ್ ಮೇಷ್ಟ್ರು · ಮಂಗಳವಾರ, ಬೆಳಗ್ಗೆ 7:10

ಬೆಳ್ಳಿಚುಕ್ಕಿ ಅವರೇ, ಬಿಟ್ಟಿಲ್ಲ. ಹಾಡ್ಕಿನ್ ಲಿಂಫೋಮಾ ಮಜ್ಜೆಗೆ ಹೋದರೆ ಅಲ್ಲೊಂದು ಇಲ್ಲೊಂದು ತೇಪೆಯ ಹಾಗೆ ಕೂರುತ್ತದೆ. ಸೊಂಟದ ಒಂದು ಕಡೆ ಚುಚ್ಚಿದರೆ ಆ ತೇಪೆ ಸಿಗದೇ ಹೋಗಬಹುದು. ಪೆಟ್ ಸ್ಕ್ಯಾನ್ ಇಡೀ ಮೈಯ ಮೂಳೆಗಳನ್ನು ಒಟ್ಟಿಗೆ ತೋರಿಸುತ್ತದೆ. ಹಾಗಾಗಿ ಹಾಡ್ಕಿನ್‌ನಲ್ಲಿ ಪೆಟ್ ಮಾಡಿದ್ದರೆ ಮಜ್ಜೆಯ ಪರೀಕ್ಷೆಯನ್ನು ಈಗ ಸಾಮಾನ್ಯವಾಗಿ ಬಿಡುತ್ತಾರೆ. ನಿಮಗೆ ಮಾಡಿದ್ದು ಸರಿ.

ನಿಮ್ಮ ಟಿ.ಬಿ. ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕನ ಪ್ರಶ್ನೆಗೂ ಅದರಲ್ಲಿ ಉತ್ತರ ಇದೆ. ತೀರ್ಥಹಳ್ಳಿಯವರಿಗೆ ಅಡಿಕೆ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ತೋಟದ ಬೇಲಿ ಆಚೆಯಿಂದ ಕೈ ಹಾಕಿ ನಾಲ್ಕು ಎಲೆ ಕಿತ್ತುಕೊಂಡು ಬಂದರೆ ಒಳಗೆ ಅಡಿಕೆ ಇದೆ, ವೀಳ್ಯದೆಲೆ ಇದೆ ಅಂತ ಹೇಳಬಹುದು. ಸಾಲು ಹೇಗಿದೆ, ಯಾವ ಮರಕ್ಕೆ ಯಾವ ಬಳ್ಳಿ ಹಬ್ಬಿದೆ, ಬಸಿಗಾಲುವೆ ಮುಚ್ಚಿಹೋಗಿದೆಯಾ ಅಂತ ಹೇಳಲು ತೋಟದೊಳಗೆ ನಡೆಯಬೇಕು. ಎಫ್.ಎನ್.ಎ.ಸಿ. ಅಂದರೆ ಎಲೆ ಕಿತ್ತು ತಂದ ಹಾಗೆ. ಗಂಟನ್ನು ಪೂರ್ತಿ ತೆಗೆದು ನೋಡುವುದು ತೋಟದೊಳಗೆ ನಡೆದ ಹಾಗೆ.

ಹಾಡ್ಕಿನ್‌ನಲ್ಲಿ ಕ್ಯಾನ್ಸರ್ ಕಣ ಬಹಳ ಕಡಿಮೆ. ಗಂಟಿನ ತುಂಬ ಒಳ್ಳೆಯ ಕಣಗಳೇ ಇರುತ್ತವೆ. ಅವುಗಳ ಗುಂಪಿನಲ್ಲಿ ಎಲ್ಲೋ ಒಂದೊಂದು ದೊಡ್ಡ ಕಣ. ಸೂಜಿಗೆ ಅದು ಸಿಗದೆ, ಪಕ್ಕದಲ್ಲಿದ್ದ ಗ್ರಾನ್ಯುಲೋಮಾ ಸಿಕ್ಕಿದರೆ ಟಿ.ಬಿ. ಅಂತಲೇ ಕಾಣುತ್ತದೆ. ನಮ್ಮ ಕಡೆ ಟಿ.ಬಿ. ಜಾಸ್ತಿ ಇರುವುದರಿಂದ ಆ ಅನುಮಾನ ಮೊದಲು ಬರುವುದು ಸಹಜ. ಗಂಟು ತೆಗೆದಾಗ ಒಂದು ತುಂಡನ್ನು ಫಾರ್ಮಲಿನ್‌ನಲ್ಲಿ ನಮಗೆ, ಇನ್ನೊಂದನ್ನು ಸಲೈನ್‌ನಲ್ಲಿ ಟಿ.ಬಿ. ಪರೀಕ್ಷೆಗೆ ಕಳಿಸಿದರೆ ಎರಡೂ ಪ್ರಶ್ನೆಗೆ ಒಂದೇ ಸಲ ಉತ್ತರ ಸಿಗುತ್ತದೆ. ಫಾರ್ಮಲಿನ್‌ಗೆ ಹಾಕಿದ ತುಂಡಿನಲ್ಲಿ ಟಿ.ಬಿ. ರೋಗಾಣುವನ್ನು ಬೆಳೆಸಲು ಆಗುವುದಿಲ್ಲ. ಇಡೀ ಗಂಟು ಫಾರ್ಮಲಿನ್ ಡಬ್ಬಿಯಲ್ಲಿ ಬಂದಾಗ ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತಿತ್ತು.

ಈಗ ಅಕ್ಕನ ಪ್ರಶ್ನೆ. ಗಂಟಿನ ಬಯಾಪ್ಸಿ ‘ಇದು ಯಾವ ಕಾಯಿಲೆ’ ಅಂತ ಹೇಳಿತು. ಬರೀ ಆಕಾರ ನೋಡಿ ಹೇಳಿದ್ದಲ್ಲ. ಬಣ್ಣ ಹಾಕಿ ಸಿಡಿ3 ಇದೆ, ಟಿಡಿಟಿ ಇದೆ ಅಂತ ಬರೆದಿರುತ್ತಾರೆ, ರಿಪೋರ್ಟಿನ ಕೊನೆಯಲ್ಲಿ ನೋಡಿ. ಸಿಡಿ3 ಅಂದರೆ ಟಿ ಕಣ. ಟಿಡಿಟಿ ಇದ್ದರೆ ಎಳೆಯ ಕಣ. ಈ ಎರಡನೆಯದೇ ನಿಮ್ಮ ತಮ್ಮನಿಗೆ ಎಲ್ಲಕ್ಕಿಂತ ಮುಖ್ಯ. ಬೆಳೆದ ಕಣದ ಲಿಂಫೋಮಾಗಳಿಗೆ ಚಾಪ್ ಅನ್ನುವ ಕೀಮೋ ಕೊಡುತ್ತಾರೆ, ಮೂರು ವಾರಕ್ಕೊಮ್ಮೆ. ಎಳೆಯ ಕಣದ ಲಿಂಫೋಮಾಗೆ ಅದು ಸಾಲದು, ಗಡ್ಡೆ ಕರಗಿ ಮತ್ತೆ ಬರುತ್ತದೆ. ಇದಕ್ಕೆ ಲ್ಯುಕೇಮಿಯಾಗೆ ಕೊಡುವ ಉದ್ದದ ಚಿಕಿತ್ಸೆಯೇ ಬೇಕು. ಎರಡು ಎರಡೂವರೆ ವರ್ಷದ್ದು. ಹೆಸರಿನಲ್ಲಿ ಲಿಂಫೋಮಾ ಅಂತ ಇದ್ದರೂ ಔಷಧಿ ಲ್ಯುಕೇಮಿಯಾದ್ದು. ನಿಮ್ಮ ಮಾವನಿಗೆ ನೆಟ್ಟಿನಲ್ಲಿ ಕಂಡದ್ದು ಇದೇ.

ಮಜ್ಜೆ ಹೇಳುವುದು ಬೇರೆ. ಎಷ್ಟು ದೂರ ಹೋಗಿದೆ ಅಂತ ಅದು ಹೇಳುತ್ತದೆ. ಮುಂದೆ ಔಷಧಿ ಕೆಲಸ ಮಾಡಿತಾ ಅಂತ ಎಲ್ಲಿ ಹುಡುಕಬೇಕು ಅನ್ನುವುದನ್ನೂ ಅದು ತೀರ್ಮಾನಿಸುತ್ತದೆ. ಮಜ್ಜೆಯಲ್ಲಿ ಕಾಯಿಲೆ ಇದ್ದರೆ ಮೊದಲ ಸುತ್ತಿನ ಕೀಮೋ ಮುಗಿದಮೇಲೆ ಮತ್ತೆ ಅಲ್ಲಿಂದಲೇ ತೆಗೆದು, ಹತ್ತು ಸಾವಿರ ಕಣಕ್ಕೆ ಒಂದು ಉಳಿದಿದ್ದರೂ ಹುಡುಕುತ್ತಾರೆ. ಮಜ್ಜೆಯಲ್ಲಿ ಇಲ್ಲದಿದ್ದರೆ ಸ್ಕ್ಯಾನ್ ನಂಬಬೇಕು. ಇವತ್ತು ಎಷ್ಟಿದೆ ಅಂತ ನೋಡದೆ ಬಿಟ್ಟರೆ, ನಾಳೆ ಎಷ್ಟು ಹೋಯಿತು ಅಂತ ಹೇಳುವುದು ಹೇಗೆ?

ಇನ್ನು ಅವಸರ ಯಾಕೆ ಅಂತ. ಈ ಎಳೆಯ ಕಣಗಳು ಸ್ಟೆರಾಯ್ಡ್‌ಗೆ ಬಹಳ ಬೇಗ ಸಾಯುತ್ತವೆ. ಉಸಿರು ಕಟ್ಟುತ್ತಿರುವಾಗ ಡೆಕ್ಸಾ ಕೊಡದೆ ವಿಧಿಯಿಲ್ಲ, ಅದು ಸರಿ. ಆದರೆ ದಿನ ಕಳೆದ ಹಾಗೆ ಮಜ್ಜೆಯ ಲೆಕ್ಕವೂ ಇಳಿಯುತ್ತದೆ. ನಿಮ್ಮ ಪುಣ್ಯ, ಗಂಟನ್ನು ಡೆಕ್ಸಾಗೆ ಮೊದಲೇ ತೆಗೆದಿದ್ದಾರೆ. ಸ್ಟೆರಾಯ್ಡ್ ಆದಮೇಲೆ ತೆಗೆದ ಗಂಟುಗಳಲ್ಲಿ ಬರೀ ಸತ್ತ ಕಣ ಕಂಡು, ಏನೂ ಹೇಳಲಾಗದೆ ಕೈಚೆಲ್ಲಿದ ದಿನಗಳಿವೆ.

ಕರಾವಳಿ ಸಿಸ್ಟರ್ · ಮಂಗಳವಾರ, ಬೆಳಗ್ಗೆ 8:45

ನಾನು ನರ್ಸ್, ಹೆಮಟಾಲಜಿ ವಾರ್ಡಿನಲ್ಲಿ ಹನ್ನೊಂದು ವರ್ಷ. ಹಾಸನದ ತಮ್ಮಾ, ನೀವು ಹೇಳಿದ ತಲೆನೋವು ಬೆನ್ನಿನ ನೀರು ತೆಗೆಯುವ ಎಲ್.ಪಿ.ಯದ್ದು. ಅದು ಬೇರೆ, ಬೋನ್ ಮ್ಯಾರೋ ಬೇರೆ. ಬೋನ್ ಮ್ಯಾರೋ ಸೂಜಿ ಬೆನ್ನುಹುರಿಯ ಹತ್ತಿರವೂ ಹೋಗುವುದಿಲ್ಲ. ಸೊಂಟದ ಹಿಂದೆ, ಪ್ಯಾಂಟಿನ ಬೆಲ್ಟ್ ಕೂರುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಎರಡೂ ಕಡೆ ಮೂಳೆ ಕೈಗೆ ಸಿಗುತ್ತದೆ. ಅಲ್ಲಿ ಚುಚ್ಚುತ್ತಾರೆ. ಎಲ್.ಪಿ. ಕೂಡ ಈ ತಮ್ಮನಿಗೆ ಬೇಕಾಗುತ್ತದೆ, ಯಾಕೆಂದರೆ ಈ ಕಾಯಿಲೆ ಮಿದುಳಿನ ನೀರಿನಲ್ಲಿ ಅಡಗಿ ಕೂರುತ್ತದೆ. ಅದರಿಂದ ಕಾಲು ಹೋಗುತ್ತದೆ ಅನ್ನುವ ಭಯ ಬೇಡ. ಬೆನ್ನುಹುರಿ ಮುಗಿದಮೇಲೆ, ಅದಕ್ಕಿಂತ ಕೆಳಗೆ ಹಾಕುತ್ತಾರೆ.

ಅಕ್ಕಾ, ತಂದೆಯವರಿಗೆ ಹೀಗೆ ಹೇಳಿ. ಮೊದಲು ಚರ್ಮಕ್ಕೆ, ಆಮೇಲೆ ಮೂಳೆಯ ಮೇಲಿನ ಪೊರೆಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಎರಡು ಮೂರು ನಿಮಿಷ ಕಾಯಬೇಕು. ಕಾಯದೆ ಚುಚ್ಚಿದರೆ ನೋವು ಜಾಸ್ತಿ. ಸೂಜಿ ಮೂಳೆಯೊಳಗೆ ಹೋಗುವಾಗ ಒತ್ತಿದ ಹಾಗೆ ಅನಿಸುತ್ತದೆ. ಸಿರಿಂಜಿನಲ್ಲಿ ಮಜ್ಜೆ ಎಳೆಯುವಾಗ ಮಾತ್ರ ಸೊಂಟದಿಂದ ಕಾಲಿನವರೆಗೆ ಯಾರೋ ಜಗ್ಗಿದ ಹಾಗೆ ನೋವು ಬರುತ್ತದೆ. ಆ ನೋವಿಗೆ ಮರಗಟ್ಟುವ ಮದ್ದು ನಾಟುವುದಿಲ್ಲ. ಆದರೆ ಕೆಲವೇ ಸೆಕೆಂಡು. ಅದನ್ನು ಮೊದಲೇ ಹೇಳಿದರೆ ಮಕ್ಕಳು ತಡೆದುಕೊಳ್ಳುತ್ತಾರೆ. ಏನೂ ಆಗಲ್ಲ ಅಂತ ಸುಳ್ಳು ಹೇಳಬೇಡಿ.

ಇನ್ನೊಂದು ಮುಖ್ಯ ಮಾತು. ಎದೆಯಲ್ಲಿ ಅಷ್ಟು ದೊಡ್ಡ ಗಡ್ಡೆ ಇರುವವರನ್ನು ಬೋರಲು ಅಥವಾ ಅಂಗಾತ ಮಲಗಿಸಬಾರದು, ಉಸಿರುನಾಳ ಒತ್ತುತ್ತದೆ. ನಿದ್ದೆ ಬರಿಸುವ ಮದ್ದೂ ಅಪಾಯ. ಮಗ್ಗುಲಿಗೆ, ತಲೆ ಎತ್ತರಕ್ಕೆ ಇಟ್ಟು ಮಾಡಬಹುದು. ‘ಅವನು ಕೂತೇ ನಿದ್ದೆ ಮಾಡುತ್ತಾನೆ’ ಅಂತ ಪರೀಕ್ಷೆ ಮಾಡುವ ಡಾಕ್ಟರಿಗೆ ನೀವೇ ನೆನಪಿಸಿ.

ಗದಗ ಮಾಸ್ತರ · ಮಂಗಳವಾರ, ಬೆಳಗ್ಗೆ 9:30

ನಾನು ಬೇಡ ಅಂದದ್ದು ತಪ್ಪಾಯಿತು. ತಂಗಿ, ನನ್ನ ಮಾತು ಬಿಡಿ, ಮಾಡಿಸಿ. ಡಾಕ್ಟ್ರೇ, ನನಗೊಂದು ಅನುಮಾನ. ಈಚೆಗೆ ನನ್ನ ಕಂಕುಳಲ್ಲಿ ಗಂಟು ಬಂದಿದೆ. ನನ್ನ ಕಾಯಿಲೆಗೂ ಲಿಂಫೋಮಾ ಅಂತ ಇನ್ನೊಂದು ಹೆಸರು ಇದೆ ಅಂತ ನಮ್ಮ ಡಾಕ್ಟರು ಹೇಳಿದ್ದರು. ನಾನು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಸ್ಲೈಡ್ ಮೇಷ್ಟ್ರು · ಮಂಗಳವಾರ, ಬೆಳಗ್ಗೆ 10:20

ಹೌದು ಮಾಸ್ತರೇ, ನಿಮ್ಮದಕ್ಕೂ ಎರಡು ಹೆಸರು ಇದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಆ ಕಣ 5,000 ಇಲ್ಲವೇ ಅದಕ್ಕಿಂತ ಜಾಸ್ತಿ ಇದ್ದರೆ ಸಿ.ಎಲ್.ಎಲ್. ರಕ್ತದಲ್ಲಿ ಅಷ್ಟು ಇಲ್ಲದೆ ಗಂಟಿನಲ್ಲೇ ಇದ್ದರೆ ಎಸ್.ಎಲ್.ಎಲ್. ಅನ್ನುತ್ತಾರೆ, ಅದು ಲಿಂಫೋಮಾದ ಹೆಸರು. ಕಣ ಒಂದೇ, ಮದ್ದೂ ಒಂದೇ. ಸಿ.ಎಲ್.ಎಲ್.ನಲ್ಲಿ ಸಣ್ಣಪುಟ್ಟ ಗಂಟು ಬರುವುದು ಮಾಮೂಲಿ. ಆದರೆ ಒಂದೇ ಗಂಟು ಬೇಗ ಬೇಗ ದೊಡ್ಡದಾದರೆ, ಜ್ವರ ಬಂದರೆ, ತೂಕ ಇಳಿದರೆ, ರಕ್ತದಲ್ಲಿ ಎಲ್.ಡಿ.ಎಚ್. ಏರಿದರೆ ಅದನ್ನು ತೆಗೆದು ನೋಡಬೇಕು. ನಿಧಾನದ ಕಾಯಿಲೆ ಒಮ್ಮೊಮ್ಮೆ ಜೋರಿನ ಲಿಂಫೋಮಾ ಆಗಿ ಬದಲಾಗುತ್ತದೆ. ಆಗ ರಕ್ತ ಪರೀಕ್ಷೆ ನೋಡಿ ಸುಮ್ಮನಿರುವಂತಿಲ್ಲ, ಉತ್ತರ ಆ ಗಂಟಿನಲ್ಲೇ ಇರುತ್ತದೆ. ನಿಮ್ಮ ಗಂಟು ಎಷ್ಟು ದಿನದಿಂದ ಇದೆ?

ಗದಗ ಮಾಸ್ತರ · ಮಂಗಳವಾರ, ಬೆಳಗ್ಗೆ 10:40

ಎರಡು ತಿಂಗಳು ಆಯಿತು. ಮೊದಲು ಕಡಲೆಕಾಳಿನಷ್ಟಿತ್ತು, ಈಗ ನಿಂಬೆಹಣ್ಣಿನಷ್ಟು. ಜ್ವರ ಇಲ್ಲ. ಈ ವಾರವೇ ತೋರಿಸುತ್ತೇನೆ.

ಸ್ಲೈಡ್ ಮೇಷ್ಟ್ರು · ಮಂಗಳವಾರ, ಬೆಳಗ್ಗೆ 10:52

ತಡ ಮಾಡಬೇಡಿ ಮಾಸ್ತರೇ. ಪೆಟ್ ಸ್ಕ್ಯಾನ್ ಮಾಡಿಸಿದರೆ ಯಾವ ಗಂಟು ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತದೋ ಅದನ್ನು ತೆಗೆಯುವುದು ಒಳ್ಳೆಯದು. ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ತೆಗೆದರೆ ಹಳೆಯ ಕಾಯಿಲೆಯೇ ಕಂಡು, ಬದಲಾದದ್ದು ಬೇರೆ ಕಡೆ ಉಳಿದುಬಿಡಬಹುದು.

ತೀರ್ಥಹಳ್ಳಿ ಅಕ್ಕ · ಬುಧವಾರ, ರಾತ್ರಿ 8:15

ನಿನ್ನೆ ಅಪ್ಪನಿಗೆ ಇಲ್ಲಿಯದನ್ನೆಲ್ಲ ಓದಿ ಹೇಳಿದೆ. ಸಂಜೆಯವರೆಗೂ ಮಾತಾಡಲಿಲ್ಲ. ಇವತ್ತು ಬೆಳಗ್ಗೆ ತಾವೇ ಹೋಗಿ ಸಹಿ ಹಾಕಿದರು. ಹನ್ನೊಂದು ಗಂಟೆಗೆ ಮಾಡಿದರು. ಸಿಸ್ಟರ್ ಹೇಳಿದ ಹಾಗೆ ಮಗ್ಗುಲಿಗೆ ಮಲಗಿಸಿದರು. ಎಳೆಯುವಾಗ ಒಂದೇ ಸಲ ‘ಅಮ್ಮಾ’ ಅಂದ. ಆಮೇಲೆ ‘ಇಷ್ಟೇನಾ’ ಅಂತ ಕೇಳಿದ. ಹತ್ತು ಹದಿನೈದು ನಿಮಿಷ ಆ ಜಾಗವನ್ನು ಒತ್ತಿ ಇಟ್ಟಿದ್ದರು.

ಒಂದು ಸಂಶಯ. ಎರಡು ಸಲ ಸೂಜಿ ಹಾಕಿದರು. ಮೊದಲ ಸಲ ಸರಿ ಬರಲಿಲ್ಲವಾ? ಒಂದರ ರಿಪೋರ್ಟ್ ನಾಳೆ, ಇನ್ನೊಂದರದು ಮುಂದಿನ ವಾರ ಅಂತಾರೆ.

ಕರಾವಳಿ ಸಿಸ್ಟರ್ · ಬುಧವಾರ, ರಾತ್ರಿ 9:00

ಸರಿ ಬರಲಿಲ್ಲ ಅಂತ ಅಲ್ಲ ಅಕ್ಕಾ, ಅವು ಎರಡು ಬೇರೆ ಮಾದರಿ. ಮೊದಲನೆಯದು ನೀರಿನ ಹಾಗೆ ಎಳೆಯುವ ಮಜ್ಜೆ. ಮೊದಲು ಬಂದ ಅರ್ಧ ಮಿಲಿಲೀಟರನ್ನು ತಕ್ಷಣ ಗಾಜಿನ ಮೇಲೆ ಸವರುತ್ತಾರೆ. ಮತ್ತೆ ಎಳೆದದ್ದನ್ನು ಟ್ಯೂಬುಗಳಿಗೆ ಹಾಕುತ್ತಾರೆ. ಎರಡನೆಯದು ಮೂಳೆಯ ಒಂದು ಸಣ್ಣ ಕಡ್ಡಿ, ಒಂದೂವರೆ ಎರಡು ಸೆಂಟಿಮೀಟರ್ ಉದ್ದ.

ಸ್ಲೈಡ್ ಮೇಷ್ಟ್ರು · ಬುಧವಾರ, ರಾತ್ರಿ 9:25

ಸಿಸ್ಟರ್ ಹೇಳಿದ ‘ಮೊದಲು ಬಂದ ಅರ್ಧ ಮಿಲಿಲೀಟರ್’ ಬಹಳ ದೊಡ್ಡ ಮಾತು. ಆಮೇಲೆ ಎಳೆದದ್ದರಲ್ಲಿ ರಕ್ತ ಬೆರೆತು ಮಜ್ಜೆ ತೆಳುವಾಗುತ್ತದೆ. ಅದರಲ್ಲಿ ಎಣಿಸಿದರೆ ಬ್ಲಾಸ್ಟ್ ಕಡಿಮೆ ಕಾಣುತ್ತದೆ. ಫ್ಲೋ ಸೈಟೋಮೆಟ್ರಿಗೆ ಹೋಗುವುದು ಸಾಮಾನ್ಯವಾಗಿ ಆ ತೆಳು ಮಜ್ಜೆ. ಅದಕ್ಕೇ ಎರಡು ರಿಪೋರ್ಟಿನ ಸಂಖ್ಯೆ ಬೇರೆ ಬೇರೆ ಬಂದರೆ ಗಾಬರಿ ಬೇಡ. ಕಣ ಯಾವ ಜಾತಿ ಅಂತ ಫ್ಲೋ ಹೇಳುತ್ತದೆ. ಎಷ್ಟು ಅನ್ನುವುದಕ್ಕೆ ನಾವು ಗಾಜಿನ ಮೇಲೆ 500 ಕಣ ಕೈಯಾರೆ ಎಣಿಸಿದ್ದೇ ಆಧಾರ.

ಮೂಳೆಯ ಕಡ್ಡಿ ತಡ ಆಗುವುದಕ್ಕೆ ಕಾರಣ, ಅದರ ಸುಣ್ಣವನ್ನು ಕರಗಿಸಿ ಮೆತ್ತಗೆ ಮಾಡಿಯೇ ಕೊಯ್ಯಬೇಕು. ಎಳೆದ ಮಜ್ಜೆಯಲ್ಲಿ ಕಣಗಳು ಬಿಡಿಬಿಡಿಯಾಗಿ ಸಿಗುತ್ತವೆ, ಕಡ್ಡಿಯಲ್ಲಿ ಅವು ಇದ್ದ ಜಾಗದಲ್ಲೇ ಕಾಣುತ್ತವೆ. ಕೆಲವು ಲಿಂಫೋಮಾಗಳು ಮೂಳೆಯ ಅಂಚಿಗೆ ಅಂಟಿಕೊಂಡಿರುತ್ತವೆ, ಎಳೆದರೆ ಬರುವುದೇ ಇಲ್ಲ. ಅಂಥವು ಕಡ್ಡಿಯಲ್ಲಿ ಮಾತ್ರ ಸಿಗುತ್ತವೆ. ಮಜ್ಜೆಯಲ್ಲಿ ನಾರು ಬೆಳೆದಿದ್ದರೆ ಎಷ್ಟು ಎಳೆದರೂ ಸಿರಿಂಜಿಗೆ ಏನೂ ಬರುವುದಿಲ್ಲ, ಆಗಲೂ ಕಡ್ಡಿಯೇ ಗತಿ. ಲ್ಯುಕೇಮಿಯಾದ ಮಜ್ಜೆ ಹಾಗಲ್ಲ. ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಸಮ ತುಂಬಿರುತ್ತದೆ. ಸೊಂಟದಲ್ಲಿ ಎಲ್ಲಿ ಚುಚ್ಚಿದರೂ ಸಿಗುತ್ತದೆ. ಲ್ಯುಕೇಮಿಯಾ ಇದೆಯಾ ಅಂದರೆ ಮಜ್ಜೆ ಹೌದು ಅಥವಾ ಇಲ್ಲ ಅಂತ ನೇರ ಹೇಳಬಲ್ಲದು. ಲಿಂಫೋಮಾ ಇದೆಯಾ ಅಂದರೆ ‘ಇಲ್ಲಿ ಸಿಗಲಿಲ್ಲ’ ಅಂತ ಮಾತ್ರ ಹೇಳಬಲ್ಲದು.

ತೀರ್ಥಹಳ್ಳಿ ಅಕ್ಕ · ಗುರುವಾರ, ಸಂಜೆ 6:50

ರಿಪೋರ್ಟ್ ಬಂತು. ಮಜ್ಜೆಯಲ್ಲಿ ನೂರಕ್ಕೆ 14 ಬ್ಲಾಸ್ಟ್. ಫ್ಲೋದಲ್ಲಿ 9 ಅಂತ ಇದೆ. ಕಣ ಗಂಟಿನಲ್ಲಿ ಇದ್ದದ್ದೇ ಅಂತ ಬರೆದಿದ್ದಾರೆ. ಹೆಸರು ಲಿಂಫೋಮಾ ಅಂತಲೇ ಉಳಿಯಿತು, ಆದರೆ ನಾಲ್ಕನೇ ಸ್ಟೇಜ್ ಅಂದರು. ಆ ಮಾತು ಕೇಳಿ ಅಮ್ಮ ಕುಸಿದು ಕೂತರು. ಅತ್ತೆಗೆ ಸ್ತನದ ಕ್ಯಾನ್ಸರ್ ನಾಲ್ಕನೇ ಸ್ಟೇಜ್‌ನಲ್ಲಿ ಗೊತ್ತಾಗಿ ಉಳಿಯಲಿಲ್ಲ. ಡಾಕ್ಟ್ರೇ, ನನ್ನನ್ನು ಇನ್ನೊಂದು ವಿಷಯ ಕೊರೆಯುತ್ತಿದೆ. ಮಂಗಳವಾರವೇ ಮಾಡಿಸಿದ್ದರೆ? ಒಂದು ದಿನ ನಮ್ಮಿಂದ ತಡ ಆಯಿತಲ್ಲ.

ಸ್ಲೈಡ್ ಮೇಷ್ಟ್ರು · ಗುರುವಾರ, ಸಂಜೆ 7:30

ಅಮ್ಮನಿಗೆ ಇವತ್ತೇ ಹೇಳಿ. ಆ ನಾಲ್ಕು ಬೇರೆ, ಈ ನಾಲ್ಕು ಬೇರೆ. ಸ್ತನದ ಗಡ್ಡೆ ಹುಟ್ಟಿದ ಜಾಗ ಬಿಟ್ಟು ಮೂಳೆಗೋ ಲಿವರ್‌ಗೋ ಹೋದಾಗ ನಾಲ್ಕನೇ ಸ್ಟೇಜ್ ಅನ್ನುತ್ತಾರೆ. ಆಗ ಪೂರ್ತಿ ಗುಣ ಮಾಡುವುದು ಬಹಳ ಕಷ್ಟ. ಈ ಕಣಗಳ ಮೂಲವೇ ಮಜ್ಜೆ, ಓಡಾಡುವುದು ಅವುಗಳ ಸ್ವಭಾವ. ಮಜ್ಜೆಯಲ್ಲಿ ಸಿಕ್ಕಿದರೆ ನಿಯಮದ ಪ್ರಕಾರ ನಾಲ್ಕು ಅಂತ ಬರೆಯಲೇಬೇಕು. ಮೂರನೇ ಸ್ಟೇಜ್ ಆಗಿದ್ದರೂ ಹೆಚ್ಚುಕಡಿಮೆ ಇದೇ ಚಿಕಿತ್ಸೆಯೇ, ಗುಣ ಮಾಡುವ ಉದ್ದೇಶದಿಂದಲೇ. ಇದೇ ಎಳೆಯ ಕಣದ ಲ್ಯುಕೇಮಿಯಾಗೆ ಅಂತೂ ಈ ಒಂದು, ಎರಡು, ಮೂರು, ನಾಲ್ಕರ ಲೆಕ್ಕವೇ ಇಲ್ಲ.

ಒಂದು ದಿನದ ವಿಷಯ. ಬುಧವಾರಕ್ಕೆ ಡೆಕ್ಸಾ ಎರಡು ದಿನ ಆಗಿತ್ತು. ಸೋಮವಾರ ಎಣಿಸಿದ್ದರೆ 14ಕ್ಕಿಂತ ಜಾಸ್ತಿ ಇರುತ್ತಿತ್ತು ಅಂತ ನನಗೆ ಅನಿಸುತ್ತದೆ. 25 ದಾಟುತ್ತಿತ್ತಾ? ಗೊತ್ತಾಗುವ ದಾರಿ ಈಗ ಇಲ್ಲ. ದಾಟಿದ್ದರೆ ಫೈಲಿನ ಮೇಲೆ ಲ್ಯುಕೇಮಿಯಾ ಅಂತ ಬರೆಯುತ್ತಿದ್ದರು, ಮದ್ದು ಇದೇ ಇರುತ್ತಿತ್ತು. ಹಾಗಾಗಿ ಆ ದಿನದಿಂದ ಚಿಕಿತ್ಸೆಗೆ ನಷ್ಟ ಆಗಿಲ್ಲ. ನಿಮಗೆ ಬೇಕಾಗಿದ್ದ ಗುರುತು ಮಜ್ಜೆಯಲ್ಲಿ ಸಿಕ್ಕಿದೆ. ಎರಡು ದಿನ ಸ್ಟೆರಾಯ್ಡ್ ಆದಮೇಲೆ ತೆಗೆದ ಮಾದರಿ ಅಂತ ರಿಪೋರ್ಟಿನಲ್ಲಿ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಬರೆಸಿ. ಮುಂದೆ ಬೇರೆ ಡಾಕ್ಟರು ನೋಡಿದಾಗ ಆ 14 ಅನ್ನು ಹೇಗೆ ಓದಬೇಕು ಅಂತ ಅವರಿಗೆ ಗೊತ್ತಾಗಬೇಕು.

ಬೆಳ್ಳಿಚುಕ್ಕಿ · ಗುರುವಾರ, ರಾತ್ರಿ 8:10

ಅಕ್ಕಾ, ಗಂಟಿನ ಮೇಣದ ಅಚ್ಚು ಮತ್ತು ಸ್ಲೈಡುಗಳು ಲ್ಯಾಬಿನಲ್ಲಿ ಇರುತ್ತವೆ. ಬೇರೆ ಆಸ್ಪತ್ರೆಗೆ ಹೋಗುವ ಹಾಗಿದ್ದರೆ ಬರೆದುಕೊಟ್ಟು ತಗೊಳ್ಳಿ. ನನ್ನದನ್ನು ಎರಡನೇ ಸಲ ನೋಡಿಸಲು ಬೇಕಾದಾಗ ಅದಿಲ್ಲದೆ ಬಹಳ ಅಲೆದೆ.

ಹಾಸನದ ಹುಡುಗ · ಗುರುವಾರ, ರಾತ್ರಿ 8:40

ನಾನು ತಿಳಿಯದೆ ಹೆದರಿಸಿಬಿಟ್ಟೆ ಅಕ್ಕಾ, ಕ್ಷಮಿಸಿ. ನನ್ನ ರಕ್ತ ಓ ಪಾಸಿಟಿವ್. ಬೆಂಗಳೂರಿನಲ್ಲೇ ಕೆಲಸ. ಪ್ಲೇಟ್‌ಲೆಟ್ ಬೇಕಾದರೆ ಹೇಳಿ, ಬರುತ್ತೇನೆ.

ತೀರ್ಥಹಳ್ಳಿ ಅಕ್ಕ · ಶುಕ್ರವಾರ, ಬೆಳಗ್ಗೆ 7:05

ರಿಪೋರ್ಟಿನಲ್ಲಿ ಸ್ಟೆರಾಯ್ಡ್ ವಿಷಯ ಬರೆದಿರಲಿಲ್ಲ. ಡ್ಯೂಟಿ ಡಾಕ್ಟರಿಗೆ ಹೇಳಿದೆ, ಸೇರಿಸುತ್ತೇವೆ ಅಂದರು. ತಮ್ಮ ನಿನ್ನೆ ರಾತ್ರಿ ಒಂದೇ ದಿಂಬಿನ ಮೇಲೆ ಮಲಗಿದ್ದ. ಗಡ್ಡೆ ಬೇಗ ಕರಗುತ್ತಿರುವುದರಿಂದ ಕಿಡ್ನಿಗೆ ತೊಂದರೆ ಆಗಬಾರದು ಅಂತ ರಾತ್ರಿಯೆಲ್ಲ ಸಲೈನ್ ಹಾಕಿದ್ದಾರೆ, ಆರು ಗಂಟೆಗೊಮ್ಮೆ ರಕ್ತ ತೆಗೆದು ಯೂರಿಕ್ ಆಸಿಡ್ ನೋಡುತ್ತಿದ್ದಾರೆ. ಇವತ್ತು ಹತ್ತು ಗಂಟೆಗೆ ಮೊದಲ ಎಲ್.ಪಿ., ಅದರಲ್ಲೇ ಮದ್ದು ಹಾಕುತ್ತಾರಂತೆ. ಸಿಸ್ಟರ್, ಅದಾದಮೇಲೆ ಎಷ್ಟು ಹೊತ್ತು ಮಲಗಿರಬೇಕು?

ಕರಾವಳಿ ಸಿಸ್ಟರ್ · ಶುಕ್ರವಾರ, ಬೆಳಗ್ಗೆ 7:20

ನಮ್ಮ ವಾರ್ಡಿನಲ್ಲಿ ಒಂದು ಗಂಟೆ ಚಪ್ಪಟೆಯಾಗಿ ಮಲಗಿಸುತ್ತೇವೆ. ಮದ್ದು ಬೆನ್ನಿನ ನೀರಿನಲ್ಲಿ ಮೇಲಿನವರೆಗೆ ಹರಡಲಿ ಅಂತ. ಆದರೆ ನಿಮ್ಮ ತಮ್ಮನಿಗೆ ಉಸಿರು ಹೇಗಿದೆ ಅಂತ ನೋಡಿಕೊಂಡೇ ಮಲಗಿಸಬೇಕು. ಒಂದು ದಿಂಬಿನ ಮೇಲೆ ಮಲಗಿದ್ದ ಅಂದಿರಲ್ಲ, ಅದನ್ನೂ ಅವರಿಗೆ ಹೇಳಿ.